ಪೆಟ್ಟಿಲ್ಲದೆ ಮೂಡುವ ನೀಲಿ ಕಲೆ

ಸದಸ್ಯರ ಗಮನಕ್ಕೆ: ತೊಡೆಯಲ್ಲೋ ಮೊಣಕಾಲ ಕೆಳಗೋ ಒಂದೆರಡು ನೀಲಿ ಕಲೆ ಕಂಡರೆ ಗಾಬರಿ ಬೇಡ. ಮಂಚದ ಅಂಚು ತಗುಲಿದ್ದು ಎಷ್ಟೋ ಸಲ ನೆನಪೇ ಇರುವುದಿಲ್ಲ. ಚರ್ಮದಡಿ ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆದಂತೆ ನೀಲಿ ಕಲೆ ಹಸಿರು, ಹಳದಿಗೆ ತಿರುಗಿ ಸುಮಾರು 2 ವಾರದಲ್ಲಿ ಮಾಸುತ್ತದೆ.

ಹೊಟ್ಟೆ, ಬೆನ್ನಿನ ಮೇಲೆ ಪದೇ ಪದೇ ದೊಡ್ಡ ಕಲೆ ಬಂದರೆ, ಜೊತೆಗೆ ವಸಡಲ್ಲಿ ರಕ್ತ ಅಥವಾ ಮುಟ್ಟಿನಲ್ಲಿ ಅತಿಸ್ರಾವ ಇದ್ದರೆ ವೈದ್ಯರನ್ನು ಕಾಣಿ. ಸಾಮಾನ್ಯವಾಗಿ ಮೊದಲು ರಕ್ತಕಣಗಳನ್ನು ಎಣಿಸುವ ಸಿಬಿಸಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳನ್ನು ಬರೆಯುತ್ತಾರೆ. ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳ ಎಣಿಕೆ ಸರಿಯಿದ್ದೂ ಕಲೆ ಬೀಳುತ್ತದೆ, ಏಕೆಂದರೆ ಆ ಕಣಗಳು ಒಂದಕ್ಕೊಂದು ಸರಿಯಾಗಿ ಅಂಟುವುದಿಲ್ಲ. ಹಾಗಂತ ಹೃದಯಕ್ಕೆಂದು ಕೊಟ್ಟ ಈ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ!

ಜ್ವರವಿದ್ದು, ಒತ್ತಿದರೂ ಮಾಯವಾಗದ ಸೂಜಿಮೊನೆಯಂಥ ಕೆಂಪು ಚುಕ್ಕೆಗಳೆದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.