ಕೀಲಿಕೈ ಕವಿತೆಯ ದನಿ

ಪ್ರಿಯ ಕಿರಿಯ ಮಿತ್ರರೇ,

ನಿಮ್ಮ ಕವಿತೆಯನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡು ಹಲವು ಸಲ ಓದಿದೆ. ‘ಇದು ದುಃಖದ ಕವಿತೆ, ಕೊನೆಯಲ್ಲಿ ಏಕೋ ದಾರಿ ತಪ್ಪಿದಂತಿದೆ’ ಎಂದು ಬರೆದಿದ್ದೀರಿ. ದಾರಿ ತಪ್ಪಿರುವುದು ನಿಜ. ‘ದುಃಖ’ ಎಂದು ನೀವು ಕೊಟ್ಟ ಹೆಸರಿನಲ್ಲೇ ಅದರ ಕಾರಣವಿದೆ ಎಂದು ನನಗನ್ನಿಸುತ್ತದೆ. ನಿಮ್ಮ ಸಾಲುಗಳನ್ನು ಇಲ್ಲಿ ಮತ್ತೆ ಬರೆದುಕೊಳ್ಳುತ್ತೇನೆ:

ಮಾರಿಹೋದ ಮನೆಯ ಕೀಲಿಕೈ
ಇನ್ನೂ ನನ್ನ ಚೀಲದಲ್ಲಿದೆ.
ಅದು ತೆರೆಯುತ್ತಿದ್ದ ಬಾಗಿಲಿಗೆ
ಈಗ ಬೇರೆ ಬೀಗ.
ಇರಲಿ, ಅದೇನು ಅರಮನೆಯೇ!

ದುಃಖ ಎಂಬುದು ಬಹಳ ಅಗಲವಾದ ಪದ. ಸಾವಿನ ಮನೆಯ ಗೋಳೂ ಅದರೊಳಗೆ ಬರುತ್ತದೆ, ಸಂಜೆಯ ಸಣ್ಣ ಬೇಸರವೂ ಬರುತ್ತದೆ. ಅದರ ನೆರೆಹೊರೆಯ ಪದಗಳನ್ನು ಒಂದೊಂದಾಗಿ ಈ ಕವಿತೆಗೆ ತೊಡಿಸಿ ನೋಡಿ. ‘ಅಳಲು’ ಹೊರಗೆ ಕೇಳಿಸುವಂಥದ್ದು; ಇಲ್ಲಿ ಯಾರೂ ಅಳುತ್ತಿಲ್ಲ. ‘ಕೊರಗು’ ದಿನದಿನವೂ ಒಳಗಿಂದ ತಿನ್ನುವಂಥದ್ದು. ನಿಮ್ಮ ಕೀಲಿಕೈ ಹಾಗೆ ಯಾರನ್ನೂ ತಿನ್ನುತ್ತಿಲ್ಲ, ಸುಮ್ಮನೆ ಚೀಲದಲ್ಲಿದೆ. ‘ಹಳಹಳಿಕೆ’ ಸಾಕಷ್ಟು ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಹಾಗೆ ಮಾಡಬಾರದಿತ್ತು ಎಂಬ ಪಶ್ಚಾತ್ತಾಪದ ಎಳೆಯೊಂದಿದೆ. ‘ಹಂಬಲ’ ಕೈಗೆ ಸಿಗದುದರ ಕಡೆಗೆ ಚಾಚುತ್ತದೆ, ‘ವಿಷಾದ’ ಅದು ಸಿಗುವುದಿಲ್ಲವೆಂದು ತಿಳಿದು ಸುಮ್ಮನಾಗುತ್ತದೆ. ನಿಮ್ಮ ಮೊದಲ ನಾಲ್ಕು ಸಾಲುಗಳಲ್ಲಿ ಇವೆರಡೂ ಒಟ್ಟಿಗಿವೆ, ದೂರು ಮಾತ್ರ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ‘ವಿಸ್ಟ್‌ಫುಲ್’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಒಂಟಿ ಪದ ಹುಡುಕಿ ದಣಿಯುವ ಬದಲು ‘ವಿಷಾದ ಬೆರೆತ ಹಂಬಲ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು.

ಈ ಹೆಸರನ್ನು ಹಿಡಿದು ಐದನೆಯ ಸಾಲಿಗೆ ಬಂದರೆ ತೊಡಕು ತಾನಾಗಿ ಕಾಣುತ್ತದೆ. ‘ಅದೇನು ಅರಮನೆಯೇ’ ಎಂಬುದು ಕಟಕಿ. ಅದನ್ನು ಬರಿಯ ವ್ಯಂಗ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ವ್ಯಂಗ್ಯದಲ್ಲಿ ಆಟವೂ ಇರಬಹುದು, ವಿಡಂಬನೆಯಲ್ಲಿ ತಿದ್ದುವ ಆಸೆಯೂ ಇರಬಹುದು. ‘ಸಾರ್ಡಾನಿಕ್’ ಎನ್ನುವ ಈ ಕಹಿನಗೆಗೆ ಯಾವುದೂ ಸರಿಹೋಗುತ್ತದೆಂಬ ನಂಬಿಕೆಯೇ ಉಳಿದಿರುವುದಿಲ್ಲ. ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ 1929ರಲ್ಲಿ ಪ್ರಕಟಿಸಿದ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ನಲ್ಲಿ ವಸ್ತುವಿನ ಬಗೆಗಿನ ಭಾವವನ್ನೂ ಕೇಳುವವರ ಬಗೆಗಿನ ದನಿಯನ್ನೂ ಬೇರೆಬೇರೆಯಾಗಿ ನೋಡಿದರು. ಆ ಭೇದ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ನಾಲ್ಕು ಸಾಲುಗಳವರೆಗೆ ತನ್ನೊಳಗೇ ಮಾತಾಡುತ್ತಿದ್ದ ವ್ಯಕ್ತಿ ಐದನೆಯದರಲ್ಲಿ ಇದ್ದಕ್ಕಿದ್ದಂತೆ ಎದುರಿಗಿರುವ ಯಾರಿಗೋ ಉತ್ತರ ಕೊಡುತ್ತಾನೆ. ಆ ‘ಯಾರೋ’ ಕವಿತೆಯಲ್ಲಿ ಎಲ್ಲಿಯೂ ಇಲ್ಲ. (ಕನ್ನಡದಲ್ಲಿ ‘ಧ್ವನಿ’ ಎಂದರೆ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಸೂಚ್ಯಾರ್ಥ ನೆನಪಾಗುವುದರಿಂದ ನಾನು ಇದಕ್ಕೆ ‘ದನಿ’ ಎಂದೇ ಬರೆಯುತ್ತೇನೆ.)

ನಿಮಗೆ ಕಟಕಿಯೇ ಬೇಕಿದ್ದರೆ ಅದು ಮೊದಲಿನಿಂದಲೇ ಬರಬೇಕಾಗುತ್ತದೆ:

ಕೀಲಿಕೈ ಭದ್ರವಾಗಿಯೇ ಇದೆ,
ಹೋದದ್ದು ಮನೆ ಮಾತ್ರ.

ಇಲ್ಲಿ ಕೆಲಸ ಮಾಡಿರುವುದು ‘ಭದ್ರವಾಗಿಯೇ’ ಎಂಬಲ್ಲಿನ ಪುಟ್ಟ ಏಕಾರ ಮತ್ತು ‘ಮಾತ್ರ’. ನಮ್ಮ ಭಾಷೆಯಲ್ಲಿ ದನಿ ಹೆಚ್ಚಾಗಿ ಇಂಥ ಅವ್ಯಯಗಳಲ್ಲೇ ಅಡಗಿರುತ್ತದೆ. ನಿಮ್ಮ ಎರಡನೆಯ ಸಾಲಿನಿಂದ ‘ಇನ್ನೂ’ ತೆಗೆದು ಗಟ್ಟಿಯಾಗಿ ಓದಿ. ಹಂಬಲ ಹೋಗಿ ಬರಿಯ ಮಾಹಿತಿ ಉಳಿಯುತ್ತದೆ. ಮಾರ್ದವ ಬೇಕಿದ್ದರೆ ದಾರಿ ಮತ್ತೊಂದು:

ತುಕ್ಕು ಹಿಡಿಯದಿರಲೆಂದು
ಆಗಾಗ ಎಣ್ಣೆ ಹಚ್ಚುತ್ತೇನೆ.

ಇದನ್ನು ನಾನು ಕನಿಕರವೆನ್ನಲಾರೆ, ಏಕೆಂದರೆ ಕನಿಕರ ಒಂದು ಮೆಟ್ಟಿಲು ಮೇಲೆ ನಿಂತು ನೋಡುತ್ತದೆ. ಇಲ್ಲಿರುವುದು ಅಕ್ಕರೆ, ಅದು ಬಗ್ಗಿ ಮುಟ್ಟುತ್ತದೆ.

ಆದರೆ ಸಿಕ್ಕ ಪದವನ್ನು ಕವಿತೆಯೊಳಗೆ ತಂದಿಡಬೇಡಿ. ರಸವನ್ನೋ ಭಾವವನ್ನೋ ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಸಂಸ್ಕೃತ ಆಲಂಕಾರಿಕ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳ ಸಾಲಿಗೆ ಸೇರಿಸಿದ್ದಾನೆ. ನಾನೂ ಎಷ್ಟೋ ವರ್ಷ ಆ ತಪ್ಪು ಮಾಡಿದ್ದೇನೆ. ‘ವಿಷಾದ ತುಂಬಿದ ಸಂಜೆ’ ಎಂದು ಬರೆದು, ಸಂಜೆಯನ್ನು ತೋರಿಸುವ ಕೆಲಸವೇ ಮುಗಿಯಿತೆಂದು ನಂಬಿದ್ದೆ. ಹೆಸರು ತಿದ್ದುವ ಹೊತ್ತಿನಲ್ಲಿ ನಿಮಗೆ ಬೇಕು, ಓದುಗರಿಗೆ ಕೀಲಿಕೈ ಸಾಕು.

ದನಿ ಬದಲಾಗಲೇಬಾರದೆಂದು ನಾನು ಹೇಳುತ್ತಿಲ್ಲ. ಹಂಬಲದಿಂದ ಕಹಿಗೆ ತಿರುಗುವ ಕವಿತೆಗಳಿವೆ, ಆದರೆ ಅಲ್ಲಿ ತಿರುವಿಗೆ ಮೊದಲೇ ಒಂದು ಕಾರಣ ಕಣ್ಣಿಗೆ ಬಿದ್ದಿರುತ್ತದೆ. ನಿಮ್ಮ ನಾಲ್ಕನೆಯ ಸಾಲಿನ ‘ಬೇರೆ ಬೀಗ’ ಅಂಥ ಕಾರಣವಾಗಬಲ್ಲದು: ಆ ಬೀಗವನ್ನು ನೋಡಲು ಈತ ಅಲ್ಲಿಗೆ ಹೋಗಿದ್ದನೇ, ಬಾಗಿಲು ತೆರೆದವರು ಏನಾದರೂ ಅಂದರೇ? ಹಾಗೆ ಆಗಿದ್ದರೆ ‘ಅರಮನೆಯೇ’ ಎಂಬ ಮಾತಿಗೆ ಎದುರಾಳಿ ಸಿಗುತ್ತಾನೆ, ಆ ಸಾಲು ಉಳಿಯಬಹುದು. ಆಗಿಲ್ಲವಾದರೆ ಕವಿತೆಯನ್ನು ‘ಈಗ ಬೇರೆ ಬೀಗ’ ಎಂಬಲ್ಲಿಗೇ ನಿಲ್ಲಿಸಿ ಒಮ್ಮೆ ಓದಿ ನೋಡಿ. ಎರಡರಲ್ಲಿ ಯಾವುದು ನಡೆದದ್ದೆಂದು ನಿಮಗೆ ಮಾತ್ರ ಗೊತ್ತು. ತಿದ್ದಿದ ಪ್ರತಿಯ ಜೊತೆಗೆ ಅದನ್ನೂ ಬರೆದು ಕಳುಹಿಸಿ.

ಇತಿ,
ನಿಮ್ಮ ಹಿರಿಯ ಮಿತ್ರ