ಮಗಳಿಗೊಂದು ಪತ್ರ: ಹೊಸ ಫೀಲ್ಡ್, ಸಂಬಳದ ಮಾತು

ಪ್ರೀತಿಯ ಪುಟ್ಟಿ,

ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಯವರು ಎರಡನೇ ಸುತ್ತಿಗೆ ಕರೆದಿದ್ದಾರೆ ಅಂತ ಅಮ್ಮ ಹೇಳಿದಳು. ತುಂಬಾ ಖುಷಿಯಾಯ್ತು. ಆದರೆ "ಫೀಲ್ಡ್ ಹೊಸದು, ಕೊಟ್ಟಷ್ಟು ತಗೊಂಡು ಸೇರ್ಕೋತೀನಿ" ಅಂದೆಯಂತೆ. ಹಾಗೆ ಮಾಡಬೇಡ ಮಗಳೇ. ಫ್ಯಾಕ್ಟರಿಯ ಪರ್ಸನಲ್ ವಿಭಾಗದಲ್ಲಿ ಸಂಬಳ ಗೊತ್ತುಮಾಡುವ ಕಡೆ ಕೂತವನು ನಾನು. ಆ ಕಡೆಯ ಲೆಕ್ಕ ನನಗೆ ಗೊತ್ತು.

ಎಚ್‌ಆರ್‌ನವರು ಮೊದಲು ಈಗಿನ ಸಿಟಿಸಿ ಕೇಳುತ್ತಾರೆ. 4.2 ಲಕ್ಷ ಅಂದ ಕೂಡಲೇ ಅದರ ಮೇಲೆ ಶೇ. 30 ಸೇರಿಸಿ ಸುಮಾರು ಐದೂವರೆ ಲಕ್ಷ ಅಂದುಬಿಡಬಹುದು. ಸುಳ್ಳು ಹೇಳಬೇಡ, ಸೇರುವಾಗ ಪೇ ಸ್ಲಿಪ್ ಕೇಳುತ್ತಾರೆ. ನಿಜ ಹೇಳಿ, "ಅದು ವಾರ್ಡ್ ನರ್ಸ್ ಸಂಬಳ. ಈ ಹುದ್ದೆಗೆ ನೀವು ಇಟ್ಟಿರುವ ಬಜೆಟ್ ಎಷ್ಟು?" ಅಂತ ಕೇಳು. 6ರಿಂದ 8 ಲಕ್ಷ ಅಂದರು ಅಂದುಕೋ. ಮಾತು ಅಲ್ಲಿಂದ ಶುರುವಾಗಬೇಕು.

ಆಮೇಲೆ "ಒತ್ತಡ ತಡ್ಕೋತೀನಿ, ಎಲ್ಲರ ಜೊತೆ ಹೊಂದ್ಕೋತೀನಿ" ಅನ್ನಬೇಡ. ಎಲ್ಲರೂ ಅದನ್ನೇ ಹೇಳೋದು. ನಿನ್ನ ವಾರ್ಡಿನ ಔಷಧಿ ಚಾರ್ಟ್ ಕಾಗದದಿಂದ ಕಂಪ್ಯೂಟರಿಗೆ ಬಂದಾಗ ನಡೆದದ್ದನ್ನು ಹೇಳು. ನೈಟ್ ಡ್ಯೂಟಿ ಸಿಸ್ಟರ್‌ಗಳು ಚೀಟಿಯಲ್ಲಿ ಬರೆದಿಟ್ಟು, ಬೆಳಗ್ಗೆ ಎಲ್ಲವನ್ನೂ ಒಟ್ಟಿಗೆ ಎಂಟ್ರಿ ಮಾಡ್ತಿದ್ರು ಅಲ್ವಾ? ಅವರಿಗೆ ಸೋಮಾರಿತನ ಅಂತ ಮೇಲಿನವರು ಅಂದುಕೊಂಡಿದ್ದರು. ಇರುವ ಒಂದೇ ಕಂಪ್ಯೂಟರ್ ಹಾಸಿಗೆಗಳಿಂದ ದೂರ ಇದೆ ಅನ್ನೋದನ್ನು ಕಂಡುಹಿಡಿದವಳು ನೀನು. ಲ್ಯಾಪ್‌ಟಾಪನ್ನು ಟ್ರಾಲಿ ಮೇಲೆ ಇಡಿಸಿ, ಪಕ್ಕದಲ್ಲಿ ನಿಂತು ಒಬ್ಬೊಬ್ಬರಿಗೂ ಕಲಿಸಿದೆ. ಈ ಕಂಪನಿ ಪ್ರತಿ ಆಸ್ಪತ್ರೆಯಲ್ಲೂ ಮಾಡಿಸಬೇಕಾದ ಕೆಲಸ ಇದೇ. ಸಾಫ್ಟ್‌ವೇರ್ ಮಾತ್ರ ಬಲ್ಲ ಹುಡುಗನಿಗೆ ವಾರ್ಡ್ ಹೇಗೆ ನಡೆಯುತ್ತೆ ಅಂತ ಕಲಿಸೋಕೆ ಅವರಿಗೆ ತಿಂಗಳುಗಳು ಬೇಕು. ನಿನ್ನ ಜಾಸ್ತಿ ಸಂಬಳಕ್ಕೆ ಕಾರಣ ಆ ಉಳಿತಾಯ. ಬೆಂಗಳೂರಿನ ಮನೆ ಬಾಡಿಗೆ ಎತ್ತಬೇಡ, ಅದು ನಿನ್ನ ಖರ್ಚು, ಅವರಿಗೆ ಕಾರಣವಲ್ಲ. ರೋಗಿಗಳ ಚಾರ್ಟಿನ ಫೋಟೋ ಮಾತ್ರ ಯಾವ ಕಾರಣಕ್ಕೂ ತೋರಿಸಬೇಡ.

ನರ್ಸ್ ಆಗಿದ್ದ ಎಲ್ಲಾ ವರ್ಷಗಳನ್ನೂ ಅವರು ಅನುಭವ ಅಂತ ಲೆಕ್ಕ ಹಿಡಿಯೋದಿಲ್ಲ. ಡೇಟಾಬೇಸ್, ಪ್ರಾಜೆಕ್ಟ್ ಪ್ಲಾನ್ ನಿನಗೆ ಬರೋದಿಲ್ಲ. ಅದನ್ನು ನೀನೇ ಹೇಳು. ಅದಕ್ಕೇ 8 ಬೇಡ, 7 ಕೇಳು. 6.2ಕ್ಕೆ ನಿಂತರೆ, ಆರು ತಿಂಗಳಿಗೆ ಸಂಬಳ ಮತ್ತೆ ನೋಡುತ್ತೇವೆ ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೋ. ಬಾಯಿಮಾತು ಆಗೋದಿಲ್ಲ, ಒಪ್ಪಿದ ಎಚ್‌ಆರ್ ಅಷ್ಟರಲ್ಲಿ ಬೇರೆ ಕಡೆ ಹೋಗಿರಬಹುದು.

ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಎಲ್ಲ ಸೇರಿರುತ್ತೆ. ಫಿಕ್ಸೆಡ್ ಎಷ್ಟು ಅಂತ ಕೇಳಿ, ಈಗಿನ ನೈಟ್ ಅಲೋವೆನ್ಸನ್ನೂ ಲೆಕ್ಕಕ್ಕೆ ಹಿಡಿದು, ಕೈಗೆ ಬರೋದನ್ನು ಹೋಲಿಸು.

ಆ ಕೆಲಸದ ವಿವರ ವಾಟ್ಸಾಪ್ ಮಾಡು. ಭಾನುವಾರ ಕೂತು ಸಾಲು ಸಾಲಾಗಿ ನೋಡೋಣ.

ನಿನ್ನ ಅಪ್ಪ