ಫೋನ್ ಕಟ್ ಮಾಡಿದ ಮಗಳಿಗೊಂದು ಪತ್ರ

ಅವ್ವಿ,

ಮೊನ್ನೆ ನೀ ಫೋನ್ ಕಟ್ ಮಾಡಿದ ಮ್ಯಾಲೆ ಮತ್ತ ಹಚ್ಚಿದೆ, ನೀ ಎತ್ತಲಿಲ್ಲ. ಇರಲಿ. ಪಿಯುಸಿಯಿಂದ ಜೊತಿಗಿರೋ ನಿನ್ನ ಗೆಳೆಯ ಪ್ರಪೋಸ್ ಮಾಡ್ಯಾನ ಅಂತ ನೀ ಹೇಳ್ತಿದ್ದಂಗ "ನನಗ ಗೊತ್ತಿತ್ತು ಬಿಡು" ಅಂದುಬಿಟ್ಟೆ, ಧ್ವನಿನೂ ಏರಿತ್ತು, ಅದು ನಿನಗ ಚುಚ್ಚೈತಿ ಅಂತ ಗೊತ್ತೈತಿ. ಬ್ಯಾಸರ ಮಾಡ್ಕೋಬ್ಯಾಡ. ಇದನ್ನ ಪೂರ್ತಿ ಓದು, ಆಮ್ಯಾಲೆ ಬೇಕಾದ್ರ ಸಿಟ್ಟಾಗು.

ಕಟ್ ಮಾಡೋ ಮುಂಚೆ ನೀ ಒಂದು ಮಾತು ಅಂದಿ, "ಹಂಗಾರ ನನಗ ಡೆಂಗಿ ಬಂದಾಗ ಅಂವ ರಾತ್ರಿಯೆಲ್ಲಾ ಕುಂತಿದ್ದು ಇದಕ್ಕೇನಾ?" ಅಂತ. ಆ ಮಾತು ನನ್ನ ತಲ್ಯಾಗಿಂದ ಹೋಗವಲ್ದು. ಆವತ್ತು ನಾವು ಕೊಪ್ಪಳದಾಗ, ನೀ ರಾಯಚೂರಿನ ದವಾಖಾನ್ಯಾಗ, ಹೊರಡಾಕ ಬಸ್ ಇಲ್ಲ, ನಿಮ್ಮಪ್ಪ ಗಾಡಿ ಹುಡುಕಾಕತ್ತಿದ್ದ. ಅಂವ ಮಾತ್ರ ವಾರ್ಡಿನ ಹೊರಗ ಬೆಂಚಿನ ಮ್ಯಾಲೆ ಕುಂತು ಪ್ಲೇಟ್ಲೆಟ್ ರಿಪೋರ್ಟ್ ಬಂದಂಗ ಬಂದಂಗ ಫೋಟೋ ಹೊಡದು ನನಗ ಕಳಸ್ತಿದ್ದ, ಕೆಳಗ "ಆಂಟಿ ಅಂಜಬ್ಯಾಡ್ರಿ" ಅಂತ. ಆ ಹುಡುಗನ ದನಿನೂ ನಡಗತಿತ್ತು, ಅದು ನನಗ ಫೋನಿನ್ಯಾಗ ಕೇಳಸ್ತಿತ್ತು. ಇದನ್ನ ನಿನಗ ಎಷ್ಟು ಸಲ ಹೇಳೀನೋ, ಮತ್ತ ಹೇಳಾಕತ್ತೀನಿ ನೋಡು.

ಅಂವ ಆವತ್ತು ಇದನ್ನ ಮನಸಿನ್ಯಾಗ ಇಟ್ಕೊಂಡು ಕುಂತಿದ್ನೋ ಇಲ್ಲೋ ನನಗೂ ಗೊತ್ತಿಲ್ಲ. ಆದ್ರ ಒಂದು ಹೇಳ್ತೀನಿ ಕೇಳು, ಬಿ.ಎಡ್ ಹುಡುಗರಿಗೆ ಸೈಕಾಲಜಿ ಪಾಠ ಮಾಡೋ ಅವ್ವ ಸಿಕ್ಕಾಳ ನಿನಗ, ಅನುಭವಿಸು. 2021ರಾಗ ಕೆನಡಾದ ವಿಕ್ಟೋರಿಯಾ ಯೂನಿವರ್ಸಿಟಿಯ ಸ್ಟಿನ್ಸನ್ ಮತ್ತ ಅವರ ಜೊತಿಗಾರರು ಒಂದು ಪೇಪರ್ ತಂದ್ರು. ಹೆಚ್ಚುಕಮ್ಮಿ 1,900 ಮಂದಿನ ಕೇಳ್ಯಾರ, ನಿಮ್ಮ ಸಂಬಂಧ ಹೆಂಗ ಶುರುವಾತು ಅಂತ. ಮೂರರಾಗ ಎರಡು ಪಾಲು ಮಂದಿ ಮೊದಲ ಗೆಳೆಯರಾಗಿದ್ದವಿ ಅಂದಾರ. ಅದರಾಗ ಕಾಲೇಜು ಹುಡುಗರನ್ನ ಇನ್ನಷ್ಟು ಕೆದಕಿ ಕೇಳಿದ್ರ, ಪ್ರೀತಿ ಆಗೋಕಿಂತ ಮುಂಚೆ ಸರಾಸರಿ ಎರಡು ವರ್ಷದ ಹತ್ತಿರ ಗೆಳೆತನ ಇತ್ತಂತ, ಮತ್ತ ಹೆಚ್ಚಿನವರು ನಾವೇನು ಆ ಉದ್ದೇಶ ಇಟ್ಕೊಂಡು ಗೆಳೆತನ ಮಾಡಿದ್ದಲ್ಲ ಅಂದಾರ. ಅಂದ್ರ ಗೆಳೆತನ ನಾಟಕ, ಒಳಗ ಬ್ಯಾರೇನೋ ಇರತೈತಿ ಅನ್ನೋದು ಎಲ್ಲಾ ಕಡೆ ಖರೆ ಅಲ್ಲ. ಗೆಳೆತನದಾಗಿಂದನ ಹುಟ್ಟತೈತಿ, ಹುಟ್ಟಿದವನಿಗೂ ತಡವಾಗಿ ಗೊತ್ತಾಗತೈತಿ.

ಯಾಕ ಹಂಗ ಅಂದ್ರ ದೊಡ್ಡ ರಹಸ್ಯ ಏನಿಲ್ಲ. 1992ರಾಗ ಅಮೆರಿಕದಾಗ ಮೋರ್ಲ್ಯಾಂಡ್, ಬೀಚ್ ಅನ್ನೋರು ನೋಡಾಕ ಸುಮಾರು ಒಂದ ಥರ ಇದ್ದ ನಾಕು ಮಂದಿ ಹುಡುಗ್ಯಾರನ್ನ ಒಂದು ಕ್ಲಾಸಿಗೆ ಕಳಿಸಿದ್ರು. ಒಬ್ಬಾಕಿ ಹೋಗಲೇ ಇಲ್ಲ, ಒಬ್ಬಾಕಿ 5 ಸಲ, ಒಬ್ಬಾಕಿ 10, ಒಬ್ಬಾಕಿ 15 ಸಲ ಹೋಗಿ ಯಾರ ಜೊತಿನೂ ಮಾತಾಡದ ಸುಮ್ನ ಕುಂತು ಬಂದ್ರು. ಕಡೀಕ ಫೋಟೋ ತೋರಿಸಿ ಕೇಳಿದ್ರ, ಹೆಚ್ಚು ಸಲ ಬಂದಾಕಿನೇ ಹೆಚ್ಚು ಚೊಲೋ ಅನಿಸ್ಯಾಳ. ಒಂದು ಮಾತಿಲ್ಲದ ಇಷ್ಟಾತು ಅಂದ್ರ, ನೀವಿಬ್ರು ಪಿಯುಸಿಯಿಂದ ಒಂದ ಬಸ್ಸು, ಒಂದ ಕ್ಯಾಂಟೀನು, ಒಂದ ಪ್ರಾಜೆಕ್ಟು, ಮ್ಯಾಲೆ ನಿನ್ನ ಅಳು ಸಿಟ್ಟು ಎಲ್ಲಾ ನೋಡಿದಾತ. ಇದರಾಗ ಆಶ್ಚರ್ಯ ಪಡೋದು ಏನೈತಿ?

ಆದ್ರ ಆ ಕೆನಡಾದ ಲೆಕ್ಕಾನ ಹಿಡ್ಕೊಂಡು "ಎಲ್ಲರದೂ ಹಿಂಗ ಆಗತೈತಿ, ಹೂಂ ಅಂದುಬಿಡ್ತೀನಿ" ಅನಬ್ಯಾಡ. ಅವರು ಕೇಳಿದ್ದು ಸಂಬಂಧ ಆದವರನ್ನ. ಕೇಳಿ, ಇಲ್ಲ ಅನಿಸ್ಕೊಂಡು, ಗೆಳೆತನಾನೂ ಕಳಕೊಂಡವರು ಆ ಲೆಕ್ಕದಾಗ ಬರಲ್ಲ. ಅವರು ಎಷ್ಟು ಮಂದಿ ಅಂತ ಆ ಪೇಪರ್ ಹೇಳಲ್ಲ.

ನನ್ನ ಅಂಜಿಕಿ ಎಲ್ಲೈತಿ ಅಂದ್ರ ನೀ ಅಂದ ಆ ಮಾತಿನ್ಯಾಗ ಐತಿ. ಗೆಳೆಯ ಒಮ್ಮೆ ಕೇಳಿದ ಅಂದ್ರ ಹಿಂದಿನದೆಲ್ಲಾ ಹಳೇ ಖಾತೆ ಪುಸ್ತಕ ತೆಗದಂಗ ತಿರುವಿ ಓದಾಕ ಶುರು ಮಾಡ್ತೀವಿ. ನೋಟ್ಸ್ ಕೊಟ್ಟಿದ್ದು ಯಾಕ, ಬಸ್ ಸ್ಟ್ಯಾಂಡಿಗೆ ಬಿಟ್ಟಿದ್ದು ಯಾಕ, ಬೆಂಚಿನ ಮ್ಯಾಲೆ ಕುಂತಿದ್ದು ಯಾಕ. ಅಂವನೂ ಓದ್ತಾನ: ಆಕಿ ನನಗ ಅಷ್ಟೊತ್ತಿಗೆ ಫೋನ್ ಮಾಡಿದ್ದು ಯಾಕ, ನನ್ನ ಮುಂದನ ಅತ್ತಿದ್ದು ಯಾಕ. ಗೆಳತಿಗೆ ನನ್ನ ಮ್ಯಾಲೆ ಎಷ್ಟು ಮನಸೈತಿ ಅಂತ ಗಂಡು ಹುಡುಗ್ರು ಇದ್ದದ್ದಕ್ಕಿಂತ ಹೆಚ್ಚು ಅಂದಾಜು ಮಾಡ್ತಾರಂತ, ಅದನ್ನೂ ಸೈಕಾಲಜಿಯವರು ನೋಡ್ಯಾರ. ಇಬ್ರೂ ಒಂದ ಪುಸ್ತಕ ಓದ್ತೀರಿ, ಲೆಕ್ಕ ಬ್ಯಾರೆ ಬ್ಯಾರೆ ಬರತೈತಿ.

ನಮ್ಮ ಕಾಲೇಜಿನ್ಯಾಗ ಹಿಂದ ಒಂದು ಜೋಡಿ ಇತ್ತು, ಹೆಸರು ಬ್ಯಾಡ. ಒಂದ ಸಾಲಿಗೆ ಪ್ರಾಕ್ಟೀಸ್ ಟೀಚಿಂಗ್ ಬಿದ್ದಿತ್ತು, ಆಕಿ ಚಾರ್ಟ್ ಬರದ್ರ ಅಂವ ಲೆಸನ್ ಪ್ಲಾನ್ ಬರೀತಿದ್ದ. ಐದಾರು ಮಂದಿ ಗುಂಪು, ಡಬ್ಬಿ ಬಿಚ್ಚಿದ್ರ ಯಾರ ರೊಟ್ಟಿ ಯಾರದು ಅಂತ ಗೊತ್ತಾಗ್ತಿರಲಿಲ್ಲ. ಪ್ರೀತಿ ಆತು, ಮುಂದ ಒಂದು ವರ್ಷ ತುಂಬೋದ್ರಾಗ ಮುರೀತು. ಯಾರ ತಪ್ಪೂ ಅಲ್ಲ, ಅಂವಗ ಮನ್ಯಾಗ ಜಲ್ದಿ ಲಗ್ನದ ಒತ್ತಾಯ, ಆಕಿಗೆ ಎಂ.ಎಡ್ ಮಾಡೋದಿತ್ತು. ಮುರಿದ ಮ್ಯಾಲೆ ಗುಂಪು ಎರಡಾತು, ಗುಂಪಿನ ವಾಟ್ಸಾಪ್ ಸುಮ್ನಾತು, ಆಕಿ ಊಟಕ್ಕ ಸ್ಟಾಫ್ ರೂಮ್ ಹತ್ತಿರ ಬಂದು ಒಬ್ಬಾಕೆ ಕುಂದರ್ತಿದ್ದಳು. ಒಂದು ದಿನ ನನ್ನ ಮುಂದ ಅಂದಳು, "ಮೇಡಂ, ಇಂಥಾದು ಏನಾದ್ರೂ ಆದ್ರ ನಾ ಹೇಳ್ಕೊಳ್ತಿದ್ದುದು ಅಂವನ ಮುಂದನ, ಈಗ ಅಂವನ ಬಗ್ಗೆ ಯಾರ ಮುಂದ ಹೇಳ್ಲಿ?" ಆ ಹುಡುಗನ್ನ ಮಾತ್ರ ಯಾರೂ ಕೇಳಲಿಲ್ಲ. ಅಂವಗೂ ಮನಸು ಬಿಚ್ಚಿ ಮಾತಾಡಾಕ ಇದ್ದಾಕಿ ಆಕಿ ಒಬ್ಬಾಕಿನ, ಉಳಿದ ಗಂಡು ಗೆಳೆಯರ ಜೊತಿ ಕ್ರಿಕೆಟ್ ಬಿಟ್ಟು ಮಾತಿಲ್ಲ. ಅಂವ ಪರೀಕ್ಷಿ ಹೊತ್ತಿಗೆ ಕ್ಲಾಸಿಗೆ ಬರೋದ ಬಿಟ್ಟ.

ಇಲ್ಲಿಂದ ಮುಂದಿಂದು ಲೆಕ್ಚರ್ ಅನಸ್ತೈತಿ, ಅನಿಸಲಿ. "ನೋಡೋಣ" ಅಂತ ಎಳೀಬ್ಯಾಡ. ನಿನಗ ಯೋಚನಿ ಮಾಡಾಕ ಟೈಮ್ ಬೇಕಂದ್ರ ಎಷ್ಟು ದಿನ ಅಂತ ಹೇಳಿ ತಗೋ. ನಿನ್ನ ಉತ್ತರ ಇಲ್ಲ ಅಂತಾದ್ರ ಎದುರು ಕುಂತು ಇಲ್ಲ ಅನ್ನು. "ಈಗ ಬ್ಯಾಡ", "ಮನ್ಯಾಗ ಒಪ್ಪಲ್ಲ" ಅಂದ್ರ ಅಂವ ಅದನ್ನ ಮುಂದೊಂದಿನ ಹೂಂ ಅಂತನ ಓದ್ತಾನ. ಆಮ್ಯಾಲೆ ಅಂವ ಸ್ವಲ್ಪ ತಿಂಗಳು ದೂರ ಇರ್ತೀನಿ ಅಂದ್ರ ಇರಾಕ ಬಿಡು, ಮೊದಲಿನಂಗ ಅಂವಗ ಬೈಕ್ ತಗೊಂಡ್ ಬಾ, ಪ್ರಿಂಟ್ ತೆಗಸ್ಕೊಂಡ್ ಬಾ ಅನಬ್ಯಾಡ, ಅದು ಅಂವಗ ಹಿಂಸಿ. ದೂರ ಹೋದ್ರ ಗೆಳೆತನ ಸುಳ್ಳಿತ್ತು ಅಂತನೂ ತಿಳಕೋಬ್ಯಾಡ. ಹೂಂ ಅನ್ನೋದಾದ್ರ ಗುಂಪಿನವರಿಂದ ಮುಚ್ಚಿಡಬ್ಯಾಡ್ರಿ, ಮತ್ತ ನಿನ್ನ ರೂಮ್‌ಮೇಟ್ ಜೊತಿ ಸಂಜಿ ತಿರುಗಾಡೋದನ್ನ ಬಿಡಬ್ಯಾಡ. ಎಲ್ಲಾ ಮಾತಿಗೂ ಒಬ್ಬನ ಇರಬಾರದು, ಅಂವಗೂ ನೀ ಒಬ್ಬಾಕಿನ ಇರಬಾರದು. ಪ್ರೀತಿ ಆದ ಮ್ಯಾಲೆ ಅಂವ ಗೆಳೆಯ ಇದ್ದಾಗಿನಂಗ ಇರಲಿಲ್ಲ ಅಂದ್ರ, ನಿನ್ನ ಫೋನ್ ನೋಡಾಕ ಶುರು ಮಾಡಿದ್ರ, ಯಾರ ಜೊತಿ ಮಾತಾಡಿದಿ ಅಂತ ಲೆಕ್ಕ ಕೇಳಿದ್ರ, ಹಳೇ ಗೆಳೆತನದ ಮುಲಾಜಿಗೆ ಬಿದ್ದು ಸುಮ್ನಿರಬ್ಯಾಡ.

ನೀ ಇದನ್ನ ಮೊದಲ ನನಗ ಹೇಳಿದಿ. ನಾ ನಮ್ಮವ್ವಗ ಇಂಥಾದು ಹೇಳ್ತಿದ್ನಾ? ಕನಸಿನ್ಯಾಗೂ ಇಲ್ಲ. ಆ ಖುಷಿ ಒಂದೈತಿ ನನಗ, ಚೀರಾಡಿದ್ರೂ ಐತಿ.

ನಿಮ್ಮಪ್ಪಗ ಇನ್ನೂ ಹೇಳಿಲ್ಲ. ಇಲ್ಲ ಅಂದ್ರ ಹೇಳೋ ಜರೂರತ್ತೇ ಇಲ್ಲ, ಅಂವ ಮನಿಗೆ ಬಂದ್ರ ಮೊದಲಿನಂಗನ ಊಟಕ್ಕ ಹಾಕ್ತೀನಿ. ಹೂಂ ಅಂದ್ರ ಜಾತಿ ಮಾತು ಬರತೈತಿ, ಬಂದ ಬರತೈತಿ, ನಿಮ್ಮ ದೊಡ್ಡಪ್ಪನ ಮನಿಯಿಂದ ಮೊದಲ ಬರತೈತಿ. ಅದನ್ನ ನನಗ ಬಿಡು. ನಿಮ್ಮಪ್ಪಗ ಮಾತ್ರ ನೀನ ಹೇಳಬೇಕು, ಅದೂ ಫೋನಿನ್ಯಾಗ ಅಲ್ಲ, ಊರಿಗೆ ಬಂದು.

ನಿಮ್ಮವ್ವ